ಸೈನಿಕನ ಫೋಟೊ, ಬಾರದ ಬುಲೆಟ್

ಪೇಟೆಯಲ್ಲಿ 1.25 ಲಕ್ಷ ರೂಪಾಯಿ ಬಾಳುವ ಹಳೇ ಬುಲೆಟ್ ಬೈಕು ಆನ್‌ಲೈನ್ ಜಾಹೀರಾತಿನಲ್ಲಿ 45 ಸಾವಿರಕ್ಕೇ ಸಿಗುತ್ತದೆ. ಫೋನ್ ಮಾಡಿದರೆ ಹಿಂದಿಯಲ್ಲಿ ವಿನಯದ ದನಿ: ‘ನಾನು ಸೇನೆಯಲ್ಲಿದ್ದೇನೆ. ಕಾಶ್ಮೀರಕ್ಕೆ ವರ್ಗವಾಗಿದೆ, ಅದಕ್ಕೇ ಮಾರುತ್ತಿದ್ದೇನೆ.’

ಸೈನಿಕನ ವೇಷದ ಈ ಮೋಸ ಬೆಂಗಳೂರಿನ ಸೈಬರ್ ಪೊಲೀಸರಿಗೆ ಚಿರಪರಿಚಿತ. ರಾಜಸ್ಥಾನದ ಭರತಪುರದ ಕಡೆಯ ತಂಡಗಳು ಇಂಥ ಪ್ರಕರಣಗಳಲ್ಲಿ ಸಿಕ್ಕಿಬಿದ್ದದ್ದೂ ಉಂಟು.

ಮಾತು ಮುಂದುವರಿಯುವ ಬಗೆಯನ್ನು ಒಂದು ಮಾದರಿ ಲೆಕ್ಕದಲ್ಲಿ ನೋಡಬಹುದು. ಗಾಡಿ ಕಂಟೋನ್ಮೆಂಟ್ ಒಳಗಿದೆ, ಹೊರಗಿನವರಿಗೆ ಪ್ರವೇಶವಿಲ್ಲ, ಸೇನೆಯ ಪಾರ್ಸಲ್‌ನಲ್ಲೇ ಮನೆಗೆ ಬರುತ್ತದೆ ಎನ್ನುತ್ತಾನೆ. ಸಾಗಣೆಗೆ 2,100 ರೂಪಾಯಿ, ಅದೂ ಬೆಲೆಯಲ್ಲಿ ಮುರಿದುಕೊಳ್ಳಬಹುದು. ಹಣ ಹೋದೊಡನೆ ಮೊಹರು ಒತ್ತಿದ ರಸೀದಿ, ರಟ್ಟು ಸುತ್ತಿದ ಬೈಕಿನ ಫೋಟೊ ವಾಟ್ಸ್ಆ್ಯಪ್‌ಗೆ ಬರುತ್ತವೆ. ಮರುದಿನ ‘ಡ್ರೈವರ್’ ಫೋನ್ ಮಾಡಿ, ಹತ್ತಿರದಲ್ಲೇ ಇದ್ದೇನೆ, ಜಿಎಸ್‌ಟಿಗೆ 5,150 ಕಟ್ಟಿ, ವಾಪಸ್ ಬರುತ್ತದೆ ಎನ್ನುತ್ತಾನೆ. ಆಮೇಲೆ ಹಣ ತಡವಾಗಿ ಬಂತೆಂದು ಇನ್ನೊಂದು 7,150. ಅಲ್ಲಿಗೆ 14,400 ಹೋಯಿತು. ಬೈಕು ಮಾತ್ರ ಇನ್ನೂ ‘ದಾರಿಯಲ್ಲೇ’ ಇರುತ್ತದೆ. ಈಗ ನಿಲ್ಲಿಸಿದರೆ ಕೊಟ್ಟದ್ದೂ ಮುಳುಗಿತಲ್ಲ ಎಂಬ ಚಿಂತೆಯೇ ಮುಂದಿನ ಕಂತನ್ನೂ ಕಟ್ಟಿಸುತ್ತದೆ.

ಓದಿಕೊಂಡವರೂ ಇಲ್ಲಿ ಬೀಳುವುದು ದಡ್ಡತನದಿಂದಲ್ಲ, ಪರಿಶೀಲನೆ ಮಾಡಿದ್ದೇವೆಂಬ ಧೈರ್ಯದಿಂದ. ಆತ ಕೇಳುವ ಮೊದಲೇ ಸೇನೆಯ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಆಧಾರ್, ಆರ್‌ಸಿ ಕಳಿಸಿರುತ್ತಾನೆ. ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಮಾಡೆಲ್, ವರ್ಷ, ವಿಮೆ ಎಲ್ಲವೂ ತಾಳೆಯಾಗಬಹುದು. ಗಾಡಿ ನಿಜ, ಆದರೆ ಬೇರೆ ಯಾರದೋ. ಇನ್ನೊಂದು ಜಾಹೀರಾತಿನಿಂದ ಎತ್ತಿದ ಫೋಟೊ, ಇನ್ನೊಬ್ಬರಿಂದ ಪಡೆದ ಆರ್‌ಸಿ ಸೇರಿದರೆ ಸುಳ್ಳು ಸಿದ್ಧ. ಗಾಡಿಯೊಂದು ಇದೆ ಎನ್ನುವುದನ್ನಷ್ಟೇ ಆ್ಯಪ್ ಹೇಳೀತು. ಫೋನಿನಲ್ಲಿರುವವನೇ ಮಾಲೀಕ ಎನ್ನುವುದನ್ನು ಅದು ಹೇಳಲಾರದು.

ಗುಟ್ಟು ಬಿಟ್ಟುಕೊಡುವುದು ಹೆಚ್ಚಾಗಿ ಬ್ಯಾಂಕ್ ಖಾತೆ. ಯುಪಿಐನಲ್ಲಿ ಹಣ ಒತ್ತುವ ಮುನ್ನ ಖಾತೆದಾರನ ಹೆಸರು ಕಾಣುತ್ತದೆ. ಗುರುತಿನ ಚೀಟಿಯಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು. ಕೇಳಿದರೆ ‘ಅದು ಕೊರಿಯರ್‌ನವರದು’ ಎಂಬ ಉತ್ತರ ತಯಾರಿರುತ್ತದೆ. ಹಣ ವಾಪಸ್ ಮಾಡುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರಂತೂ ಅಲ್ಲಿಗೇ ಮಾತು ಮುಗಿಸಬೇಕು. ಹಣ ಪಡೆಯಲು ಪಿನ್ ಬೇಕಿಲ್ಲ.

ಮಾರುವವನನ್ನು ಎದುರಿಗೇ ಕಂಡು, ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆಯನ್ನು ಗಾಡಿಯ ಮೇಲಿನದರೊಂದಿಗೆ ಹೋಲಿಸಿ ನೋಡುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಈಗಾಗಲೇ ಕಳಿಸಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, cybercrime.gov.in ತಾಣದಲ್ಲಿ ದೂರು ದಾಖಲಿಸಿ. ಹಣ ವಂಚಕನ ಖಾತೆಯಿಂದ ಇನ್ನೂ ಹೊರಹೋಗಿರದಿದ್ದರೆ ಅದನ್ನು ಅಲ್ಲೇ ತಡೆಹಿಡಿಯಲು ಸಾಧ್ಯವಿದೆ.