ನಿಗದಿತ ಅವಧಿಯ ನೌಕರರು: ಅವಧಿ ಮುಗಿದಾಗ ಪಂಚಾಯಿತಿಯ ಹೊಣೆ

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಗುತ್ತಿಗೆ ನೌಕರರೊಬ್ಬರ ಅವಧಿ ಮುಕ್ತಾಯದ ವಿಷಯ ಬಂದಾಗ ಸದಸ್ಯರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಅವಧಿ ಮುಗಿದವರನ್ನು ಬಿಡುಗಡೆ ಮಾಡಲು ಕಾರಣ ನೀಡಬೇಕೆ? ಕಾಯಂ ನೌಕರರಲ್ಲದವರಿಗೆ ಉಪದಾನ, ಅಂದರೆ ರೂಢಿಯಲ್ಲಿ ಗ್ರಾಚ್ಯುಟಿ ಎನ್ನುವ ಮೊತ್ತ, ಸಲ್ಲುತ್ತದೆಯೆ? ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವುದರಿಂದ ಎರಡನೆಯ ಪ್ರಶ್ನೆಯ ಉತ್ತರ ಬದಲಾಗಿದೆ. ಮೊದಲನೆಯದರ ಉತ್ತರ ಹೆಚ್ಚು ಬದಲಾಗಿಲ್ಲವಾದರೂ, ಸಭೆಯ ನಡಾವಳಿಯಲ್ಲಿ ಬರೆಯುವ ಒಂದು ಸಾಲಿನಿಂದಲೇ ಅದು ತಲೆಕೆಳಗಾಗಬಹುದು.

ಉದಾಹರಣೆಗೆ, ಆಸ್ತಿ ವಹಿಗಳ ವಿವರಗಳನ್ನು ಇ-ಸ್ವತ್ತು ತಂತ್ರಾಂಶದಲ್ಲಿ ದಾಖಲಿಸುವ ಬಾಕಿ ಕೆಲಸಕ್ಕಾಗಿ ಪಂಚಾಯಿತಿಯೊಂದು 2026ರ ಜನವರಿ 1ರಿಂದ ಎರಡು ವರ್ಷಗಳ ಅವಧಿಗೆ ಗಣಕ ನಿರ್ವಾಹಕರೊಬ್ಬರನ್ನು ಲಿಖಿತ ಕರಾರಿನ ಮೇಲೆ ನೇರವಾಗಿ ನೇಮಿಸಿಕೊಂಡಿತೆಂದು ಭಾವಿಸೋಣ. ಕೆಲಸ ಉಳಿದುದರಿಂದ ಅವಧಿಯನ್ನು ಲಿಖಿತ ಆದೇಶದ ಮೂಲಕ ಇನ್ನೂ ಎಂಟು ತಿಂಗಳು ವಿಸ್ತರಿಸಲಾಯಿತು. 2028ರ ಆಗಸ್ಟ್ 31ಕ್ಕೆ ಕರಾರು ಮುಗಿಯುತ್ತದೆ. ಮಾಸಿಕ ವೇತನ 15,600 ರೂಪಾಯಿ.

ಇದು ನಿಜವಾದ ಅರ್ಥದಲ್ಲಿ ನಿಗದಿತ ಅವಧಿಯ ನೌಕರಿ. ಕೆಲಸಕ್ಕೆ ಆದಿ ಮತ್ತು ಅಂತ್ಯಗಳಿವೆ, ಕರಾರು ಲಿಖಿತವಾಗಿದೆ, ಮುಗಿಯುವ ದಿನಾಂಕ ನೌಕರರಿಗೆ ಮೊದಲೇ ತಿಳಿದಿದೆ. ಇಂತಹ ಕರಾರು ದಿನಾಂಕ ತಲುಪಿ ತಾನಾಗಿ ಮುಗಿದರೆ, ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಪ್ರಕಾರ ಅದು ನೌಕರಿ ಕಡಿತ ಎನಿಸುವುದಿಲ್ಲ. ಆದುದರಿಂದ ಪ್ರತ್ಯೇಕ ಕಾರಣವನ್ನಾಗಲಿ, ಕಡಿತದ ಪರಿಹಾರವನ್ನಾಗಲಿ ಕಾನೂನು ಕೇಳುವುದಿಲ್ಲ. ಶಾಸನಬದ್ಧ ನೋಟಿಸಿನ ಅಗತ್ಯವೂ ಇಲ್ಲ. ಆದರೆ ಕರಾರಿನಲ್ಲೇ ಒಂದು ತಿಂಗಳ ಸೂಚನೆಯ ಷರತ್ತಿದ್ದರೆ ಅದನ್ನು ಪಾಲಿಸಲೇಬೇಕು. ಅಂತಹ ಷರತ್ತು ಇಲ್ಲದಿದ್ದರೂ ಅವಧಿ ಮುಕ್ತಾಯವನ್ನು ನೆನಪಿಸುವ ಪತ್ರವನ್ನು ಮುಂಚಿತವಾಗಿ ನೀಡುವುದು ಒಳ್ಳೆಯ ಪದ್ಧತಿ. ದಿನಾಂಕ ಕಳೆದ ಮೇಲೂ ಯಾವ ಆದೇಶವೂ ಇಲ್ಲದೆ ಕೆಲಸ ಮುಂದುವರಿದರೆ, ಅವಧಿ ಮುಗಿದಿತ್ತೆಂಬ ಪಂಚಾಯಿತಿಯ ವಾದ ಅಲ್ಲಿಗೇ ದುರ್ಬಲವಾಗುತ್ತದೆ.

ಈಗ ಅದೇ ಸಭೆಯಲ್ಲಿ ಸದಸ್ಯರೊಬ್ಬರು, “ಸಾರ್ವಜನಿಕರೊಡನೆ ಅನುಚಿತವಾಗಿ ವರ್ತಿಸಿರುವ ಬಗ್ಗೆ ದೂರುಗಳಿರುವ ಕಾರಣ ಇವರ ಅವಧಿಯನ್ನು ವಿಸ್ತರಿಸತಕ್ಕದ್ದಲ್ಲ” ಎಂಬ ಠರಾವು ಮಂಡಿಸಿ, ಅದು ಹಾಗೆಯೇ ನಡಾವಳಿ ಪುಸ್ತಕ ಸೇರಿತೆನ್ನೋಣ. ಕಾರಣ ಬೇಡವಾಗಿದ್ದ ಕಡೆ ಕಾರಣ ಬಂದಿದೆ, ಅದೂ ವ್ಯಕ್ತಿಯ ಹೆಸರಿಗೆ ಕಳಂಕ ತರುವಂತಹದು. ವಿಚಾರಣೆಯಿಲ್ಲದೆ ಹೊರಿಸಿದ ಆರೋಪವೇ ಬಿಡುಗಡೆಗೆ ಬುನಾದಿಯಾದರೆ ಅದು ಶಿಕ್ಷೆಯಾಗುತ್ತದೆ, ಸಾಮಾನ್ಯ ಬಿಡುಗಡೆಯಾಗಿ ಉಳಿಯುವುದಿಲ್ಲ ಎಂಬುದು ಸರ್ವೋಚ್ಚ ನ್ಯಾಯಾಲಯದ ಸ್ಥಿರವಾದ ನಿಲುವು. 1999ರ ದೀಪ್ತಿ ಪ್ರಕಾಶ್ ಬ್ಯಾನರ್ಜಿ ಪ್ರಕರಣದಲ್ಲಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಳಂಕದ ಮಾತು ಆದೇಶದಲ್ಲಿಯೇ ಇರಬೇಕೆಂದಿಲ್ಲ, ಆದೇಶವು ಉಲ್ಲೇಖಿಸುವ ದಾಖಲೆಯಲ್ಲಿದ್ದರೂ ಸಾಕು ಎಂದಿತು. ಪಂಚಾಯಿತಿಯ ಆದೇಶಗಳು ಬಹುತೇಕ “ಸಾಮಾನ್ಯ ಸಭೆಯ ಠರಾವಿನ ಮೇರೆಗೆ” ಎಂದೇ ಆರಂಭವಾಗುವುದರಿಂದ ಈ ಮಾತು ಇಲ್ಲಿ ನೇರವಾಗಿ ತಾಗುತ್ತದೆ. ದೂರು ನಿಜವಿದ್ದು ಅದರ ಮೇಲೆ ಕ್ರಮ ಬೇಕಿದ್ದರೆ ದೋಷಾರೋಪ ಪತ್ರ ನೀಡಿ, ಸಮಜಾಯಿಷಿ ಪಡೆದು, ವಿಚಾರಣೆ ನಡೆಸಬೇಕು. ಅವಧಿ ಮುಗಿದಿದೆಯೆಂದು ಬಿಡುವುದಾದರೆ “ದಿನಾಂಕ 31-08-2028ಕ್ಕೆ ಕರಾರಿನ ಅವಧಿ ಮುಕ್ತಾಯವಾಗಿದೆ” ಎಂಬಷ್ಟೇ ಬರಹ ಸಾಕು. ಎರಡನ್ನೂ ಬೆರೆಸಬಾರದು.

ಅವಧಿ ಮುಗಿಯುವ ಮೊದಲೇ ಬಿಡುಗಡೆ ಮಾಡುವುದು ಬೇರೆಯೇ ವಿಷಯ. ನಮ್ಮ ಗಣಕ ನಿರ್ವಾಹಕರನ್ನು ಅನುದಾನದ ಕೊರತೆಯಿಂದ 2027ರ ಮಾರ್ಚಿಯಲ್ಲಿಯೇ ಬಿಡಬೇಕಾಯಿತೆಂದರೆ, ಆ ವೇಳೆಗೆ ಅವರು ಒಂದು ವರ್ಷದ ನಿರಂತರ ಸೇವೆ ಮುಗಿಸಿರುತ್ತಾರೆ. ಇದು ನೌಕರಿ ಕಡಿತವೇ ಆಗುತ್ತದೆ. ಕಾರಣವನ್ನು ತಿಳಿಸುವ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅದರ ಬದಲು ಒಂದು ತಿಂಗಳ ವೇತನ, ಜೊತೆಗೆ ಪ್ರತಿ ಪೂರ್ಣ ವರ್ಷದ ಸೇವೆಗೆ ಹದಿನೈದು ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ನೀಡಬೇಕು. ಇಲ್ಲಿ ಕಾರಣವನ್ನು ಕಾನೂನೇ ಕೇಳುತ್ತದೆ. ಪರಿಹಾರವನ್ನು ಬಿಡುಗಡೆಯ ಹೊತ್ತಿಗೇ ನೀಡಬೇಕು. ಮುಂದಿನ ಅನುದಾನ ಬಂದಾಗ ಕೊಡುತ್ತೇವೆ ಎಂದು ಬರೆದುಕೊಟ್ಟು ಕಳುಹಿಸಿದರೆ ಬಿಡುಗಡೆಯೇ ಅಸಿಂಧುವಾಗುವ ಅಪಾಯವಿದೆ.

ಮೇಲಿನ ಉದಾಹರಣೆಯನ್ನು ನೀರುಗಂಟಿಯವರ ವಿಷಯಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಕುಡಿಯುವ ನೀರು ಬಿಡುವ ಕೆಲಸ ವರ್ಷವಿಡೀ, ಪ್ರತಿ ವರ್ಷವೂ ಇರುತ್ತದೆ. ಆ ಕೆಲಸಕ್ಕೆ ಹನ್ನೊಂದು ತಿಂಗಳ ಆದೇಶ, ಒಂದೆರಡು ದಿನಗಳ ವಿರಾಮ, ಮತ್ತೆ ಹನ್ನೊಂದು ತಿಂಗಳು ಎಂಬ ಕ್ರಮದಲ್ಲಿ ಅದೇ ವ್ಯಕ್ತಿಯನ್ನು ವರ್ಷಗಟ್ಟಲೆ ಇರಿಸಿಕೊಂಡು, ಕೊನೆಗೆ “ಅವಧಿ ಮುಗಿಯಿತು” ಎಂದರೆ ನ್ಯಾಯಾಲಯ ಕರಾರಿನ ಹೆಸರನ್ನು ನೋಡುವುದಿಲ್ಲ, ಕೆಲಸದ ಸ್ವರೂಪವನ್ನು ನೋಡುತ್ತದೆ. ಇದಕ್ಕೆ ದಾರಿ ತೋರುವ ತೀರ್ಪು ಕರ್ನಾಟಕದ ಪ್ರಕರಣದಿಂದಲೇ ಬಂದಿದೆ. 2003ರ ಎಸ್.ಎಂ. ನಿಲಜಕರ್ ಪ್ರಕರಣದಲ್ಲಿ, ದೂರಸಂಪರ್ಕ ಇಲಾಖೆ ಕೆಲಸದಿಂದ ತೆಗೆದ ಕಾರ್ಮಿಕರ ವಿಷಯದಲ್ಲಿ, ಯೋಜನೆ ಮುಗಿದುದರಿಂದ ನೌಕರಿ ಮುಗಿಯಿತೆಂದು ಹೇಳುವ ಉದ್ಯೋಗದಾತ ಏನನ್ನು ಸಾಬೀತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಯೋಜನೆ ತಾತ್ಕಾಲಿಕವಾಗಿರಬೇಕು. ಅದು ಮುಗಿದಾಗ ನೌಕರಿಯೂ ಮುಗಿಯುತ್ತದೆಂದು ಕರಾರಿನಲ್ಲಿರಬೇಕು. ಬಿಡುಗಡೆ ಯೋಜನೆಯ ಅಂತ್ಯದೊಡನೆಯೇ ಆಗಿರಬೇಕು. ಈ ಸಂಗತಿ ನೌಕರರಿಗೆ ಸೇರುವಾಗಲೇ ತಿಳಿದಿರಬೇಕು. ಆಗಿನ ಕೈಗಾರಿಕಾ ವಿವಾದಗಳ ಕಾಯಿದೆಯಡಿ ನೀಡಿದ ತೀರ್ಪಾದರೂ ಅದರ ತರ್ಕ ಹೊಸ ಸಂಹಿತೆಯನ್ನು ಓದಲೂ ಉಪಯುಕ್ತ.

ದೀರ್ಘಕಾಲದ ಸೇವೆಯಿಂದ ಮಾತ್ರವೇ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲವೆಂದು 2006ರ ಉಮಾದೇವಿ ತೀರ್ಪು ಹೇಳಿದೆ, ನಿಜ. ಆದರೆ ಆ ತೀರ್ಪನ್ನು ನಿರಂತರ ಕೆಲಸಕ್ಕೆ ತಾತ್ಕಾಲಿಕ ನೌಕರರನ್ನು ಬಳಸಿಕೊಳ್ಳಲು ಗುರಾಣಿಯಾಗಿ ಹಿಡಿಯಬಾರದೆಂದು 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ ಎಚ್ಚರಿಸಿದೆ. ಒಬ್ಬ ಗುತ್ತಿಗೆ ನೌಕರರನ್ನು ತೆಗೆದು ಅದೇ ಜಾಗಕ್ಕೆ ಇನ್ನೊಬ್ಬ ಗುತ್ತಿಗೆ ನೌಕರರನ್ನು ತರುವುದೂ ಪ್ರಶ್ನೆಗೆ ಒಳಗಾಗುತ್ತದೆ. ಚುನಾವಣೆಯ ನಂತರ ಹೊಸ ಸದಸ್ಯರು ಬಂದಾಗ ಇಂತಹ ಒತ್ತಡ ಬರುವುದು ಅಪರೂಪವಲ್ಲ.

ಇನ್ನು ಉಪದಾನ. ಹಿಂದಿನ 1972ರ ಕಾಯಿದೆಯಲ್ಲಿ ಮರಣ ಮತ್ತು ಅಂಗವೈಕಲ್ಯದ ಸಂದರ್ಭ ಬಿಟ್ಟರೆ ಐದು ವರ್ಷಗಳ ನಿರಂತರ ಸೇವೆ ಕಡ್ಡಾಯವಾಗಿತ್ತು. ಸಾಮಾಜಿಕ ಭದ್ರತಾ ಸಂಹಿತೆ, 2020 ನಿಗದಿತ ಅವಧಿಯ ಮುಕ್ತಾಯವನ್ನೂ ಈ ವಿನಾಯಿತಿಗೆ ಸೇರಿಸಿದೆ. ಕರಾರಿನಡಿ ಒಂದು ವರ್ಷ ಸೇವೆ ಸಲ್ಲಿಸಿದವರಿಗೆ ಸೇವಾವಧಿಯ ಪ್ರಮಾಣಕ್ಕೆ ತಕ್ಕಂತೆ ಉಪದಾನ ಸಲ್ಲುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸ್ಥಳೀಯ ಸಂಸ್ಥೆಗಳನ್ನು 1982ರ ಜನವರಿ 8ರ ಕೇಂದ್ರ ಅಧಿಸೂಚನೆಯೇ ಉಪದಾನ ಕಾಯಿದೆಯ ವ್ಯಾಪ್ತಿಗೆ ತಂದಿತ್ತು. ಹಳೆಯ ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಹತ್ತು ಮಂದಿಯ ಲೆಕ್ಕದಲ್ಲಿ ಕಚೇರಿಯೊಳಗೆ ಕುಳಿತವರನ್ನಷ್ಟೇ ಎಣಿಸುವುದು ಸಾಮಾನ್ಯ ತಪ್ಪು. ಕರ ವಸೂಲಿಗಾರರು, ನೀರುಗಂಟಿಗಳು, ಸ್ವಚ್ಛತಾ ಸಿಬ್ಬಂದಿ, ಜವಾನರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ.

ಲೆಕ್ಕ ಸರಳವಾಗಿದೆ. ಮಾಸಿಕ ವೇತನವನ್ನು 26ರಿಂದ ಭಾಗಿಸಿ ಹದಿನೈದರಿಂದ ಗುಣಿಸಬೇಕು. 15,600 ರೂಪಾಯಿಯನ್ನು 26ರಿಂದ ಭಾಗಿಸಿದರೆ ದಿನಕ್ಕೆ 600 ರೂಪಾಯಿ, ಹದಿನೈದು ದಿನಕ್ಕೆ 9,000 ರೂಪಾಯಿ. ಇದು ಒಂದು ವರ್ಷದ ಉಪದಾನ. ನಮ್ಮ ಗಣಕ ನಿರ್ವಾಹಕರ ಸೇವೆ ಎರಡು ವರ್ಷ ಎಂಟು ತಿಂಗಳು. ಎರಡು ವರ್ಷಕ್ಕೆ 18,000, ಎಂಟು ತಿಂಗಳಿಗೆ ಪ್ರಮಾಣಾನುಸಾರ 6,000, ಒಟ್ಟು 24,000 ರೂಪಾಯಿ. ಹಳೆಯ ಕಾಯಿದೆಯಲ್ಲಿ ಇದೇ ವ್ಯಕ್ತಿ ಬರಿಗೈಯಲ್ಲಿ ಹೋಗಬೇಕಿತ್ತು. ವೇತನವನ್ನು ಕಡಿಮೆ ತೋರಿಸಿ ಉಳಿದುದನ್ನು ಭತ್ಯೆಯೆಂದು ಬರೆಯುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ. ಸಂಹಿತೆ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆಂದೇ ಪರಿಗಣಿತವಾಗುತ್ತದೆ.

ಹನ್ನೊಂದು ತಿಂಗಳ ಆದೇಶದಿಂದ ಒಂದು ವರ್ಷದ ಷರತ್ತನ್ನು ತಪ್ಪಿಸಿಕೊಳ್ಳಬಹುದೆಂಬ ಎಣಿಕೆಯೂ ನಿಲ್ಲುವುದು ಕಷ್ಟ. ನೌಕರರ ತಪ್ಪಿಲ್ಲದೆ ಕೆಲಸ ನಿಂತ ದಿನಗಳು ಸೇವೆಯ ನಿರಂತರತೆಯನ್ನು ಮುರಿಯುವುದಿಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದವರನ್ನು ಒಂದು ವರ್ಷ ನಿರಂತರ ಸೇವೆಯಲ್ಲಿದ್ದಂತೆ ಭಾವಿಸುವ ಉಪಬಂಧವೂ ಇದೆ. ತಿಂಗಳಿಗೆ 26 ದಿನದಂತೆ ಹನ್ನೊಂದು ತಿಂಗಳಿಗೆ 286 ದಿನಗಳಾಗುತ್ತವೆ. ಇಂತಹ ವಿವಾದದಲ್ಲಿ ಹಾಜರಾತಿ ವಹಿಯೇ ಮುಖ್ಯ ಸಾಕ್ಷ್ಯ, ಅದು ಪಂಚಾಯಿತಿಯ ವಶದಲ್ಲೇ ಇರುತ್ತದೆ.

ರಜೆಯ ವಿಷಯದಲ್ಲಿ ಮೂಲ ನಿಯಮ ಒಂದೇ. ನಿಗದಿತ ಅವಧಿಯ ನೌಕರರ ಕೆಲಸದ ವೇಳೆ, ವೇತನ, ಭತ್ಯೆ ಮತ್ತು ಇತರ ಸೌಲಭ್ಯಗಳು ಅದೇ ಅಥವಾ ಅಂತಹುದೇ ಕೆಲಸ ಮಾಡುವ ಕಾಯಂ ನೌಕರರಿಗಿಂತ ಕಡಿಮೆ ಇರಕೂಡದು. ಅಲ್ಲದೆ, ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ವರ್ಷಕ್ಕೆ 180 ದಿನ ಕೆಲಸ ಮಾಡಿದವರಿಗೆ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನದ ವೇತನ ಸಹಿತ ರಜೆ ಸಲ್ಲುತ್ತದೆ. 280 ದಿನ ದುಡಿದವರಿಗೆ ಹದಿನಾಲ್ಕು ದಿನ. ಬಳಸದೆ ಉಳಿದ ರಜೆಯ ವೇತನವನ್ನು ಬಿಡುಗಡೆಯ ವೇಳೆ ನೀಡಬೇಕು.

ಹೆರಿಗೆ ರಜೆಯಲ್ಲಿ ಅವಧಿ ಮುಕ್ತಾಯವೂ ಅಡ್ಡಿಯಾಗದು. ದೆಹಲಿಯ ಸರ್ಕಾರಿ ಆಸ್ಪತ್ರೆಯೊಂದರ ಗುತ್ತಿಗೆ ವೈದ್ಯೆಯೊಬ್ಬರಿಗೆ, ಕರಾರು ಮುಗಿಯಲು ಹನ್ನೊಂದು ದಿನ ಉಳಿದಿದೆಯೆಂದು ಅಷ್ಟೇ ದಿನಗಳ ಹೆರಿಗೆ ಸೌಲಭ್ಯ ನೀಡಲಾಗಿತ್ತು. 2023ರ ಆಗಸ್ಟ್ 17ರಂದು ಸರ್ವೋಚ್ಚ ನ್ಯಾಯಾಲಯ, ಅರ್ಹತೆಗೆ ಬೇಕಾದ 80 ದಿನಗಳ ಕೆಲಸ ಪೂರೈಸಿದ ಮೇಲೆ ಸೌಲಭ್ಯವು ಕರಾರಿನ ಅವಧಿಯಾಚೆಗೂ ಮುಂದುವರಿಯುತ್ತದೆಂದು ತೀರ್ಮಾನಿಸಿತು. ಅರ್ಹರಿಗೆ ಮೊದಲ ಎರಡು ಮಕ್ಕಳ ಹೆರಿಗೆಗೆ 26 ವಾರಗಳ ವೇತನವನ್ನು ಪೂರ್ತಿಯಾಗಿ ನೀಡಬೇಕಾಗುತ್ತದೆ.

ಉಪದಾನವನ್ನು ಅದು ಸಲ್ಲಬೇಕಾದ ದಿನದಿಂದ ಮೂವತ್ತು ದಿನಗಳೊಳಗೆ ಪಾವತಿಸಬೇಕು. ತಡವಾದರೆ ಸರಳ ಬಡ್ಡಿಯೂ ಸೇರುತ್ತದೆ. ನೌಕರರು ಅರ್ಜಿ ಕೊಡಲಿಲ್ಲವೆಂಬುದು ನೆಪವಾಗದು, ಮೊತ್ತವನ್ನು ಲೆಕ್ಕ ಹಾಕಿ ತಿಳಿಸುವ ಹೊಣೆ ಉದ್ಯೋಗದಾತರದೇ. ಸ್ವಂತ ಸಂಪನ್ಮೂಲದಿಂದ ವೇತನ ನೀಡುವ ಪಂಚಾಯಿತಿಗೆ 24,000 ರೂಪಾಯಿಯನ್ನು ಒಮ್ಮೆಗೇ ಹೊಂದಿಸುವುದು ಭಾರವಾಗಬಹುದು. ಆದರೆ ಮೇಲಿನ ನೌಕರರ ಲೆಕ್ಕದಲ್ಲಿ ತಿಂಗಳಿಗೆ ಬೀಳುವುದು 750 ರೂಪಾಯಿ ಮಾತ್ರ. ನೇಮಕಕ್ಕೆ ಅನುಮೋದನೆ ಕೋರುವ ಪ್ರಸ್ತಾವನೆಯಲ್ಲಿಯೇ ಈ ಮೊತ್ತವನ್ನು ವೇತನದ ಜೊತೆಗೆ ತೋರಿಸಿ, ಆಯವ್ಯಯದಲ್ಲಿ ಪ್ರತ್ಯೇಕವಾಗಿ ಕಾದಿರಿಸಬಹುದು.