ಮೂರು ಸ್ಕ್ರೀನ್, ಒಂದು ಬಟನ್

ಹೊಸ ಆ್ಯಪ್ ತೆರೆದ ಕೂಡಲೇ ಓಡುವ ಪುಟ್ಟ ಅನಿಮೇಷನ್‌ಗೆ ಆ ಕೆಲಸದವರು ‘ಆನ್‌ಬೋರ್ಡಿಂಗ್ ವಿಡಿಯೋ’ ಎನ್ನುತ್ತಾರೆ. ಆ್ಯಪ್‌ನಲ್ಲಿ ಏನೇನಿದೆ ಎಂದು ಸಾರುವುದು ಅದರ ಕೆಲಸವಲ್ಲ. ಹೊಸಬರ ಕೈಯಲ್ಲಿ ಮೊದಲ ಕೆಲಸ ಮಾಡಿಸಿ ಪಕ್ಕಕ್ಕೆ ಸರಿಯುವುದಷ್ಟೇ ಅದರ ಕೆಲಸ.

ಕಿರಾಣಿ ಅಂಗಡಿಯವರು ಉದ್ರಿ ಬರೆದಿಡುವ ಆ್ಯಪ್ ಒಂದಿದೆ ಎಂದಿಟ್ಟುಕೊಳ್ಳಿ. ವರದಿ, ಜ್ಞಾಪನೆ, ಬ್ಯಾಕಪ್ ಎಲ್ಲವೂ ಅದರಲ್ಲಿವೆ. ಕೈಪಳಗಿದವರು ಇವುಗಳನ್ನೆಲ್ಲ ಬದಿಗಿಟ್ಟು ಮೊದಲು ಕೊನೆಯ ಚಿತ್ರವನ್ನು ನಿರ್ಧರಿಸುತ್ತಾರೆ: ‘ಉದ್ರಿ ಬರೆಯಿರಿ’ ಎಂಬ ಬಟನ್. ಅಲ್ಲಿಂದ ಹಿಂದಕ್ಕೆ ನಡೆಯುತ್ತದೆ ಯೋಚನೆ. ಆ ಬಟನ್ ಒತ್ತುವ ಧೈರ್ಯ ಬರಬೇಕಾದರೆ ಒತ್ತಿದ ಮೇಲೆ ಏನಾಗುತ್ತದೆಂದು ಕಂಡಿರಬೇಕು. ಅದು ಎರಡನೆಯ ಸ್ಕ್ರೀನ್. ಅದನ್ನು ನೋಡುವ ಮನಸ್ಸಾಗಬೇಕಾದರೆ ತನಗೇನು ಲಾಭ ಎಂದು ತಿಳಿದಿರಬೇಕು; ಅದು ಮೊದಲನೆಯದು.

ಒಟ್ಟು 20 ಸೆಕೆಂಡ್ ಎಂದುಕೊಂಡರೆ ಮೊದಲ ಸ್ಕ್ರೀನಿಗೆ 5 ಸಾಕು. ಯಾರು ಎಷ್ಟು ಕೊಡಬೇಕು ಎಂಬ ಪಟ್ಟಿ, ಕೆಳಗೆ ಒಟ್ಟು ಮೊತ್ತ. ಎರಡನೆಯದಕ್ಕೆ 10: ಹೆಸರು, ಮೊತ್ತ, ‘ಉಳಿಸಿ’. ಉಳಿದ 5 ಸೆಕೆಂಡ್ ಮೂರನೆಯದಕ್ಕೆ. ಹಿನ್ನೆಲೆ ದನಿ ನಿಧಾನವಾಗಿ ಓದಿದರೆ ಈ 20 ಸೆಕೆಂಡ್‌ಗಳಲ್ಲಿ ಕನ್ನಡದ ಮೂವತ್ತು ಪದ ಹಿಡಿಸಬಹುದು, ಹೆಚ್ಚಿಲ್ಲ. ಆದ್ದರಿಂದ ‘ನಮ್ಮ ಆ್ಯಪ್‌ಗೆ ಸ್ವಾಗತ’ ಎಂಬುದಕ್ಕೆ ಜಾಗವೇ ಇರುವುದಿಲ್ಲ.

ಎರಡನೆಯ ಸ್ಕ್ರೀನಿನಲ್ಲೇ ಕಸುಬುದಾರಿಕೆ ಹೆಚ್ಚು ಬೇಕು. ಬೆರಳಿನ ಗುರುತಾಗಿ ಒಂದು ಮಸುಕು ವೃತ್ತ ‘ಉಳಿಸಿ’ಯತ್ತ ಸಾಗುತ್ತದೆ. ಅದು ಒಂದೇ ವೇಗದಲ್ಲಿ ಹೋದರೆ ಯಂತ್ರದಂತೆ ಕಾಣುತ್ತದೆ. ಮೆಲ್ಲಗೆ ಹೊರಟು, ನಡುವೆ ವೇಗ ಹಿಡಿದು, ಮತ್ತೆ ಮೆಲ್ಲಗಾಗಿ ನಿಂತರೆ ಕೈಯ ಚಲನೆ ಅನ್ನಿಸುತ್ತದೆ. ಬಟನ್ ಮೇಲೆ ಬಂದ ವೃತ್ತ ಅರ್ಧ ಸೆಕೆಂಡ್ ಕಾಯಬೇಕು, ಏಕೆಂದರೆ ನೋಡುವವರ ಕಣ್ಣು ಅಲ್ಲಿಗೆ ತಲುಪಲು ಅಷ್ಟು ಹೊತ್ತು ಬೇಕು. ಆಮೇಲೆ ವೃತ್ತ ಕುಗ್ಗುತ್ತದೆ, ಬಟನ್ ಕೂದಲೆಳೆಯಷ್ಟು ಒಳಗಿಳಿದು ಮೇಲೇಳುತ್ತದೆ, ಪಟ್ಟಿಗೆ ಹೊಸ ಸಾಲು ಬಂದು ಕೂರುತ್ತದೆ. ಆ ಸಾಲು ಓದುವಷ್ಟು ಹೊತ್ತು ಬೇರೇನೂ ಅಲುಗಬಾರದು. ಹಿನ್ನೆಲೆಯಲ್ಲಿ ನಾಣ್ಯಗಳು ಕುಣಿಯುತ್ತಿದ್ದರೆ ಕಣ್ಣು ಅತ್ತಲೇ ಹೋಗುತ್ತದೆ.

ಮೂರನೆಯ ಸ್ಕ್ರೀನಿನ ಜಾಣ್ಮೆ ಅದರ ಕೊನೆಯ ಫ್ರೇಮಿನಲ್ಲಿದೆ. ಅದು ಆ್ಯಪ್‌ನ ನಿಜವಾದ ಮೊದಲ ಪುಟಕ್ಕೆ ಪೂರ್ತಿ ಹೊಂದಬೇಕು: ಬಟನ್ ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿ, ಅದೇ ಪದಗಳಲ್ಲಿ. ಆಗ ಚಿತ್ರ ಮುಗಿದು ನಿಜ ಶುರುವಾದದ್ದೇ ಗೊತ್ತಾಗುವುದಿಲ್ಲ. ದನಿ ‘ಉದ್ರಿ ಬರೆಯಿರಿ’ ಎಂದು ಹೇಳಿ, ಬಟನ್ ಮೇಲೆ ‘ಸೇರಿಸಿ’ ಎಂದಿದ್ದರೆ ಹೊಸಬರು ಅಲ್ಲೇ ತಡವರಿಸುತ್ತಾರೆ.

ಇಂಥ ಅನಿಮೇಷನ್ ಅನ್ನು ಹೆಚ್ಚಾಗಿ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡಿ, ಒಂದೋ ಸಾಮಾನ್ಯ ವಿಡಿಯೋ ಆಗಿ ಇಲ್ಲವೇ ಲಾಟಿ ಫೈಲ್ ಆಗಿ ತೆಗೆಯುತ್ತಾರೆ. ನೆರಳುಚಿತ್ರಗಳ ಜರ್ಮನ್ ಕಲಾವಿದೆ ಲಾಟೆ ರೈನಿಗರ್ ಅವರ ಹೆಸರಿಟ್ಟು ಏರ್‌ಬಿಎನ್‌ಬಿ 2017ರಲ್ಲಿ ಲಾಟಿಯನ್ನು ಹೊರತಂದಿತು. ಚಿತ್ರವನ್ನು ಗೆರೆ ಮತ್ತು ಚಲನೆಯ ಲೆಕ್ಕವಾಗಿ ಇಡುವುದರಿಂದ ಸರಳ ಚಿತ್ರಗಳಿಗೆ ಫೈಲ್ ಹಗುರ, ಎಷ್ಟು ಹಿಗ್ಗಿಸಿದರೂ ಮಸುಕಾಗದು. ಕನ್ನಡದಲ್ಲಿ ಮಾಡುವವರು ಒಂದು ಎಚ್ಚರ ವಹಿಸಬೇಕು. ಆಫ್ಟರ್ ಎಫೆಕ್ಟ್ಸ್‌ನ ಹಳೆಯ ಆವೃತ್ತಿಗಳಲ್ಲಿ ಟೆಕ್ಸ್ಟ್ ಎಂಜಿನ್ `South Asian and Middle Eastern` ಎಂದಿಲ್ಲದಿದ್ದರೆ ಒತ್ತಕ್ಷರಗಳು ಒಡೆದುಹೋಗಬಹುದು. ಬರಹವನ್ನು ಅನಿಮೇಷನ್‌ನೊಳಗೆ ಇಡದೆ, ಆ್ಯಪ್‌ನಿಂದಲೇ ಅದರ ಮೇಲೆ ಮೂಡಿಸುವುದು ಇನ್ನೂ ಒಳ್ಳೆಯದು. ಭಾಷೆ ಬದಲಿಸಿದರೂ ಚಿತ್ರ ಮತ್ತೆ ಮಾಡಬೇಕಿಲ್ಲ. ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡುವುದನ್ನೂ ಮರೆಯಬಾರದು.

ವಿಡಿಯೋ ಗೆದ್ದಿತೋ ಇಲ್ಲವೋ ತಿಳಿಯಲು ಎಷ್ಟು ಜನ ಪೂರ್ತಿ ನೋಡಿದರು ಎಂದು ಎಣಿಸಿದರೆ ಸಾಲದು. ಆ್ಯಪ್ ಕಂಡಿರದ ನಾಲ್ಕಾರು ಅಂಗಡಿಯವರಿಗೆ ದನಿ ಆಫ್ ಮಾಡಿ ತೋರಿಸಿ, ಫೋನ್ ಕೈಗೆ ಕೊಟ್ಟು ಸುಮ್ಮನಿರಬೇಕು. ಬೆರಳು ಸೀದಾ ಬಟನ್‌ಗೆ ಹೋದರೆ ಸರಿ, ‘ಈಗೇನು ಮಾಡ್ಬೇಕು?’ ಎಂದು ಕೇಳಿದರೆ ಮೂರನೆಯ ಸ್ಕ್ರೀನ್ ಸೋತಿದೆ. ಆ್ಯಪ್ ಬಿಡುಗಡೆಯಾದ ಮೇಲೆ, ನೋಡಿದವರಲ್ಲಿ ಮತ್ತು ಸ್ಕಿಪ್ ಮಾಡಿದವರಲ್ಲಿ ಎಷ್ಟೆಷ್ಟು ಮಂದಿ ಮೊದಲ ಉದ್ರಿ ಬರೆದರು ಎಂದು ಹೋಲಿಸಬೇಕು. ಸ್ಕಿಪ್ ಮಾಡಿದವರಿಗೂ ಬಟನ್ ಸುಲಭವಾಗಿ ಸಿಗುತ್ತಿದ್ದರೆ ವಿಡಿಯೋವನ್ನು ಕಿತ್ತುಹಾಕಬಹುದು.

ವಿಡಿಯೋ ಮುಗಿದ ಕೂಡಲೇ ಒಟಿಪಿ, ವಿಳಾಸ, ಕಾಂಟ್ಯಾಕ್ಟ್ ಅನುಮತಿ ಎಂದು ಸಾಲಾಗಿ ಕೇಳುವ ಆ್ಯಪ್‌ಗೆ ಎಂಥ ಅನಿಮೇಷನ್ ಇದ್ದೂ ಪ್ರಯೋಜನವಿಲ್ಲ. ಇವುಗಳಲ್ಲಿ ಮುಂದೂಡಬಹುದಾದದ್ದನ್ನೆಲ್ಲ ಮೊದಲ ಉದ್ರಿ ಬರೆದ ಮೇಲೆ ಕೇಳಿ. ಕಾಂಟ್ಯಾಕ್ಟ್ ಅನುಮತಿಯನ್ನಂತೂ ಗ್ರಾಹಕರ ಹೆಸರು ಹುಡುಕುವಾಗಲೇ ಕೇಳಿ.