ಹದಿನೈದು ಸಾವಿರದ ಬಿಂಬ ಎಲ್ಲಿದೆ?

ಬೇಸಗೆಯ ದಿನಗಳಲ್ಲಿ ಬೆಂಗಳೂರಿನ ಗಡಿಯಾರವು ಸಂಜೆಯ ಆರೂವರೆಯನ್ನು ತೋರಿಸುವಾಗ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಅದೇ ದಿನದ ಬೆಳಗಿನ ಆರು ಗಂಟೆ. ಬೆಂಗಳೂರಿನ ಅನಿಮೇಷನ್ ಕಲಾವಿದರು ತಮ್ಮ ದಿನದ ಕೆಲಸವನ್ನು ಇಂಟರ್‌ನೆಟ್ಟಿನ ಮೂಲಕ ಕಳುಹಿಸಿ ಮನೆಗೆ ಹೊರಡುವ ವೇಳೆಗೆ ಅಲ್ಲಿಯ ನಿರ್ದೇಶಕರು ಹಾಸಿಗೆಯಿಂದ ಏಳುತ್ತಿರುತ್ತಾರೆ. ಅವರು ಹಗಲೆಲ್ಲ ಚಿತ್ರವನ್ನು ನೋಡಿ, ತಿದ್ದಬೇಕಾದುದನ್ನು ಬರೆದು ಸಂಜೆ ಆರಕ್ಕೆ ಕಳುಹಿಸಿದರೆ ಇಲ್ಲಿ ಮರುದಿನದ ಬೆಳಗಿನ ಆರೂವರೆ. ಇವರು ಮಲಗಿದಾಗ ಅವರು ದುಡಿಯುತ್ತಾರೆ, ಅವರು ಮಲಗಿದಾಗ ಇವರು. ಏರ್ಪಾಡು ಸೊಗಸಾಗಿಯೇ ಇದೆ. ಆದರೆ ಟಿಪ್ಪಣಿಯೊಂದು ಅರ್ಥವಾಗದೆ ಹೋದರೆ ಏನಾಗುತ್ತದೆ ನೋಡಿ. ಬೆಂಗಳೂರಿನವರು ಬೆಳಿಗ್ಗೆ ಒಂಬತ್ತೂವರೆಗೆ ಪ್ರಶ್ನೆ ಕೇಳಿದರೆ ಅಲ್ಲಿ ಆಗ ಹಿಂದಿನ ದಿನದ ರಾತ್ರಿ ಒಂಬತ್ತು. ಉತ್ತರ ಬರುವುದು ಮಾರನೆಯ ಬೆಳಿಗ್ಗೆ. ಒಂದು ಸಂದಿಗ್ಧ ವಾಕ್ಯಕ್ಕೆ ಇಡೀ ಒಂದು ದಿನದ ಬೆಲೆ ತೆರಬೇಕಾಯಿತಷ್ಟೆ.

ಆದುದರಿಂದ ಇಂಥ ಕೆಲಸದಲ್ಲಿ “ಆ ಹುಡುಗ ಬಾಗಿಲು ತೆರೆಯುವಲ್ಲಿ ಕೈ ಸರಿಯಾಗಿಲ್ಲ” ಎಂದು ಬರೆದರೆ ಸಾಲದು. ಯಾವ ಬಿಂಬದಲ್ಲಿ ಎಂದು ಹೇಳಬೇಕು.

ಚಲಚ್ಚಿತ್ರವೆಂದರೆ ಒಂದರ ಹಿಂದೊಂದು ಬೇಗಬೇಗನೆ ತೋರಿಸಿದ ನಿಶ್ಚಲ ಬಿಂಬಗಳ ಸಾಲೇ ಎಂಬುದನ್ನು ವಾಚಕರು ಬಲ್ಲರು. ಒಂದೊಂದು ಬಿಂಬಕ್ಕೂ ಫ್ರೇಮು ಎಂದು ಹೆಸರು. ಸಿನಿಮಾದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮುಗಳು. ಭಾರತ ಮತ್ತು ಯೂರೋಪಿನ ಟೆಲಿವಿಷನ್ ಪದ್ಧತಿಯಲ್ಲಿ 25. ಪ್ರತಿಯೊಂದು ಫ್ರೇಮಿಗೂ ಒಂದು ವಿಳಾಸವುಂಟು. ಅದನ್ನು ಟೈಮ್‌ಕೋಡ್ ಎನ್ನುತ್ತಾರೆ. ಗಂಟೆ, ನಿಮಿಷ, ಸೆಕೆಂಡು, ಕೊನೆಗೆ ಆ ಸೆಕೆಂಡಿನೊಳಗೆ ಎಷ್ಟನೆಯ ಫ್ರೇಮು ಎಂಬ ನಾಲ್ಕು ಜೋಡಿ ಅಂಕಿಗಳನ್ನು 00:10:25:00 ಎಂಬಂತೆ ಬರೆಯುವುದು ವಾಡಿಕೆ. ಈಗಿನ ವಿಮರ್ಶಾ ತಂತ್ರಾಂಶಗಳಲ್ಲಿ ನಿರ್ದೇಶಕರು ಚಿತ್ರವನ್ನು ಬೇಕಾದಲ್ಲಿ ನಿಲ್ಲಿಸಿ, ಅದರ ಮೇಲೆಯೇ ಗೆರೆಯೆಳೆದು, ಪಕ್ಕದಲ್ಲಿ ತಮ್ಮ ಮಾತನ್ನು ಬರೆಯುತ್ತಾರೆ. ಬರೆದದ್ದು ಆ ಫ್ರೇಮಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಹೀಗಿರುವಾಗ ತಪ್ಪಿಗೆ ಎಡೆಯೆಲ್ಲಿ ಎಂದು ಕೇಳಬಹುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ತಂಡವು ಇಪ್ಪತ್ತು ನಿಮಿಷದ ಒಂದು ಅನಿಮೇಷನ್ ಚಿತ್ರವನ್ನು ತಯಾರಿಸುತ್ತಿದೆ. ಇನ್ನೂ ಧ್ವನಿ ಸೇರಿಸಿಲ್ಲ. ವೇಗ 24 ಆದ್ದರಿಂದ ಒಟ್ಟು 28,800 ಫ್ರೇಮುಗಳು. ಎಣಿಕೆ ಸೊನ್ನೆಯಿಂದ ಮೊದಲು. ನಿರ್ದೇಶಕರಿಗೆ ಕಳುಹಿಸಿದ ವೀಡಿಯೋ ಪ್ರತಿಯಿಂದ ಮೂರು ಟಿಪ್ಪಣಿಗಳು ಬಂದಿವೆ. ಅವರು ಪ್ಲೇಯರ್ ತೋರಿಸಿದ ವೇಳೆಯನ್ನು ನೋಡಿ ಬರೆದಿದ್ದಾರೆ. 00:00:20:00ರಲ್ಲಿ ಬೆಕ್ಕಿನ ರೆಪ್ಪೆ ಮಿಟುಕುವುದು ತಡವಾಗಿದೆ. 00:05:00:00ರಲ್ಲಿ ಲೋಟವು ಬೆರಳುಗಳ ಒಳಗೆ ಹೊಕ್ಕಿದೆ. 00:10:00:00ರಲ್ಲಿ ದೀಪವು ಒಂದೇ ಒಂದು ಫ್ರೇಮು ಆರಿಹೋಗಿದೆ.

ಸಂಕಲನಕಾರರು ತಮ್ಮ ಮೂಲ ಚಿತ್ರದಲ್ಲಿ ಹುಡುಕುತ್ತಾರೆ. ಬೆಕ್ಕಿನ ರೆಪ್ಪೆ ಹೇಳಿದ ಸ್ಥಳದಿಂದ ಮುಕ್ಕಾಲು ಸೆಕೆಂಡಿಗೆ ಮೀರಿ ಮುಂದಿದೆ. ನಿರ್ದೇಶಕರು ಗುಂಡಿಯನ್ನು ಸ್ವಲ್ಪ ಬೇಗ ಒತ್ತಿರಬಹುದೆಂದು ಸುಮ್ಮನಾಗುತ್ತಾರೆ. ಲೋಟವು ಐದನೆಯ ನಿಮಿಷದಲ್ಲಿ ಕಾಣುವುದೇ ಇಲ್ಲ. ಹನ್ನೆರಡೂವರೆ ಸೆಕೆಂಡು ಮುಂದಕ್ಕೆ ಹೋದ ಮೇಲೆ ಸಿಗುತ್ತದೆ. ಹತ್ತನೆಯ ನಿಮಿಷದಲ್ಲಿ ದೀಪ ಉರಿಯುತ್ತಲೇ ಇದೆ. ಒಂದು ಫ್ರೇಮಿನ ತಪ್ಪು ಎಂದರೆ ಸೆಕೆಂಡಿನ ಇಪ್ಪತ್ತನಾಲ್ಕನೆಯ ಒಂದು ಪಾಲು. ಸುಮ್ಮನೆ ಓಡಿಸಿ ನೋಡುವವರ ಕಣ್ಣಿಗೆ ಅದು ತಪ್ಪಿಹೋಗುವುದು ಸಹಜ. “ಇಲ್ಲಿ ತಪ್ಪೇನೂ ಇಲ್ಲ” ಎಂದು ಬರೆದು ಕಳುಹಿಸಿದರೆ ಒಂದು ದಿನ ಹೋಯಿತು. ಜೊತೆಗೆ ಎರಡು ಕಡೆಯವರಿಗೂ ಮನಸ್ಸು ಕಹಿ.

ಆದರೆ ಈ ವ್ಯತ್ಯಾಸಗಳಲ್ಲೇ ಕಾರಣ ಅಡಗಿದೆ. ಐದು ನಿಮಿಷಕ್ಕೆ ಹನ್ನೆರಡೂವರೆ ಸೆಕೆಂಡು ಎಂದರೆ ಇಪ್ಪತ್ತನಾಲ್ಕಕ್ಕೆ ಒಂದರಂತೆ. ಇಪ್ಪತ್ತು ಸೆಕೆಂಡಿಗೆ ಅದೇ ಲೆಕ್ಕ ಹಾಕಿದರೆ ಮುಕ್ಕಾಲು ಸೆಕೆಂಡಿಗೆ ತುಸು ಮೇಲೆ, ಅದೂ ಸರಿಹೋಗುತ್ತದೆ. ಅಂತರವು ಕಾಲದೊಡನೆ ಬೆಳೆಯುತ್ತಿದೆ, ಅದೂ 24ಕ್ಕೆ 25 ಎಂಬ ಪ್ರಮಾಣದಲ್ಲಿ. ಅನಿಮೇಷನ್ನಿನ ಫ್ರೇಮುಗಳನ್ನು ಬಿಡಿಬಿಡಿ ಚಿತ್ರಗಳಾಗಿ ಶೇಖರಿಸುವುದು ರೂಢಿ. ಅವುಗಳನ್ನು ಜೋಡಿಸಿ ವೀಡಿಯೋ ಮಾಡುವಾಗ ಯಂತ್ರದಲ್ಲಿ 24ರ ಬದಲು ನಮ್ಮ ಟೆಲಿವಿಷನ್ನಿನ 25 ಆಯ್ಕೆಯಾಗಿ ಉಳಿದಿತ್ತು. ಒಂದು ಚಿತ್ರವೂ ಕಳೆದಿಲ್ಲ, ಒಂದೂ ಸೇರಿಲ್ಲ. ಓಟ ಮಾತ್ರ ಬಿರುಸಾಗಿ ಇಪ್ಪತ್ತು ನಿಮಿಷದ ಚಿತ್ರವು 19 ನಿಮಿಷ 12 ಸೆಕೆಂಡಿಗೆ ಇಳಿಯಿತು. ಸಂಭಾಷಣೆಯಿದ್ದಿದ್ದರೆ ತುಟಿಗೂ ಮಾತಿಗೂ ತಾಳ ತಪ್ಪಿ ಕೂಡಲೇ ತಿಳಿಯುತ್ತಿತ್ತು. ಈಗ ನಿರ್ದೇಶಕರು ಕಂಡ ಹತ್ತನೆಯ ನಿಮಿಷವೆಂದರೆ 600ನ್ನು 25ರಿಂದ ಗುಣಿಸಿದ 15,000ದ ಫ್ರೇಮು. ಅದನ್ನು 24ರಿಂದ ಭಾಗಿಸಿದರೆ 625 ಸೆಕೆಂಡು. ಮೂಲ ಚಿತ್ರದ 00:10:25:00ಕ್ಕೆ ಹೋಗಿ ನಿಲ್ಲಿಸಿ: ದೀಪ ಆರಿದೆ! ಯಾರನ್ನೂ ಎಬ್ಬಿಸದೆ, ದಿನವನ್ನೂ ಕಳೆಯದೆ ಮೂರು ಟಿಪ್ಪಣಿಗಳೂ ತಮ್ಮ ಸ್ಥಾನಕ್ಕೆ ಬಂದವು.

ಬೆಳೆಯುವ ಅಂತರವು ಇದಕ್ಕಿಂತ ಬಹಳ ಸಣ್ಣದಾಗಿಯೂ ಇರಬಹುದು. 1953ರಲ್ಲಿ ಅಮೆರಿಕವು ವರ್ಣ ಟೆಲಿವಿಷನ್ ಪದ್ಧತಿಯನ್ನು ಅಂಗೀಕರಿಸಿದಾಗ, ಬಣ್ಣದ ಸಂಕೇತವು ಧ್ವನಿಯ ಸಂಕೇತದೊಡನೆ ಘರ್ಷಿಸದಿರಲೆಂದು ಸೆಕೆಂಡಿಗೆ 30 ಇದ್ದ ವೇಗವನ್ನು ಸಾವಿರಕ್ಕೆ ಒಂದರಷ್ಟು ತಗ್ಗಿಸಿದರು. ಅದರ ನೆರಳು ಇಂದಿಗೂ ಬಿಟ್ಟಿಲ್ಲ. 24 ಎಂದು ಬಾಯಲ್ಲಿ ಹೇಳುವ ಎಷ್ಟೋ ವೀಡಿಯೋಗಳ ನಿಜವಾದ ವೇಗ 23.976. ಇಂಥ ಚಿತ್ರವನ್ನು ಗೋಡೆಯ ಗಡಿಯಾರದ ಸೆಕೆಂಡುಗಳಲ್ಲಿ ಅಳೆದವರಿಗೂ 24ರಂತೆ ಫ್ರೇಮು ಎಣಿಸಿದವರಿಗೂ ಒಂದು ಗಂಟೆಯ ಕೊನೆಗೆ 3.6 ಸೆಕೆಂಡಿನ ಭಿನ್ನಾಭಿಪ್ರಾಯ ಬರುತ್ತದೆ. ಮೊದಲ ನಿಮಿಷದಲ್ಲಿ ಅದು ಒಂದೂವರೆ ಫ್ರೇಮು ಮಾತ್ರ.

ಅಂತರವು ಬೆಳೆಯದೆ ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಾಗಿದ್ದರೆ ಕಾರಣ ಬೇರೆ: ಎಣಿಕೆ ಆರಂಭವಾದ ಸಂಖ್ಯೆಯಲ್ಲಿ ಒಮ್ಮತವಿಲ್ಲ. ಕೆಲವು ತಂತ್ರಾಂಶಗಳು ಸೊನ್ನೆಯಿಂದ, ಕೆಲವು ಒಂದರಿಂದ ಎಣಿಸುತ್ತವೆ. ಚಿತ್ರಗಳ ವಿಶೇಷ ದೃಶ್ಯಗಳನ್ನು ತಯಾರಿಸುವವರು ಬಹುಮಟ್ಟಿಗೆ 1001ರಿಂದ ಮೊದಲುಮಾಡುತ್ತಾರೆ. ಆಮೇಲೆ ಮುಂಭಾಗದಲ್ಲಿ ನಾಲ್ಕು ಫ್ರೇಮು ಸೇರಿಸಬೇಕಾಗಿ ಬಂದರೂ ಋಣಸಂಖ್ಯೆಯ ತೊಡಕಿಲ್ಲವೆಂಬುದು ಇದರ ಜಾಣತನ. ಇನ್ನು ಅಂತರವು ಒಂದು ಸ್ಥಳದವರೆಗೆ ಸೊನ್ನೆಯಾಗಿದ್ದು, ಅಲ್ಲಿಂದಾಚೆ ಒಮ್ಮೆಗೇ 36 ಫ್ರೇಮು ಆದರೆ, ಟಿಪ್ಪಣಿ ಬರೆದ ಮೇಲೆ ಆ ಸ್ಥಳದಲ್ಲಿ ಯಾರೋ ಒಂದೂವರೆ ಸೆಕೆಂಡಿನ ತುಣುಕನ್ನು ಕತ್ತರಿಸಿದ್ದಾರೆಂದೇ ತಿಳಿಯಬೇಕು. ಫ್ರೇಮಿನ ಸಂಖ್ಯೆಯ ಜೊತೆಗೆ ಚಿತ್ರದ ಎಷ್ಟನೆಯ ಆವೃತ್ತಿ ಎಂಬುದನ್ನೂ ಬರೆಯಬೇಕೆನ್ನುವುದು ಇದಕ್ಕಾಗಿಯೇ.

ಇವೆಲ್ಲಕ್ಕೂ ಹಳೆಯದೊಂದು ಸರಳ ಉಪಾಯವಿದೆ. ಪ್ರತಿಯನ್ನು ತಯಾರಿಸುವಾಗಲೇ ಒಂದೊಂದು ಫ್ರೇಮಿನ ಮೂಲೆಯಲ್ಲಿ ಅದರ ಸಂಖ್ಯೆಯನ್ನೂ ಆವೃತ್ತಿಯನ್ನೂ ಚಿತ್ರದ ಅಂಗವಾಗಿಯೇ ಅಚ್ಚೊತ್ತಿಬಿಡುವುದು. ಪ್ಲೇಯರ್ ಏನನ್ನಾದರೂ ಹೇಳಲಿ, ಅಚ್ಚಾದ ಅಂಕಿಯು ಬದಲಾಗುವುದಿಲ್ಲ. ಎರಡೂ ಹೊಂದದಿದ್ದರೆ ಪ್ರತಿಯಲ್ಲೇ ದೋಷವಿದೆ ಎಂದು ನೋಡುವವರಿಗೆ ಅಲ್ಲಿಯೇ ಗೊತ್ತಾಗುತ್ತದೆ. ಇಬ್ಬರೂ ಎಚ್ಚರವಾಗಿರುವ ಅಲ್ಪಕಾಲದಲ್ಲಿ ವೀಡಿಯೋ ಕರೆಯ ಮೂಲಕ ಒಂದೇ ಪರದೆಯನ್ನು ನೋಡುವಾಗಲೂ ಇದು ನೆರವಾಗುತ್ತದೆ. ಅಂಥ ಕರೆಗಳಲ್ಲಿ ದಾರಿಯಲ್ಲೇ ಹಲವು ಫ್ರೇಮುಗಳು ಬಿಟ್ಟುಹೋಗುವುದುಂಟು. ನಮ್ಮ ದೀಪದ ಫ್ರೇಮು ದೂರದವರ ಪರದೆಗೆ ತಲಪದೆಯೇ ಇರಬಹುದು; ಚಿತ್ರವನ್ನು ನಿಲ್ಲಿಸಿ ಅಂಕಿಯನ್ನು ಓದಿಸಿದರೆ ಇಬ್ಬರೂ ಒಂದನ್ನೇ ನೋಡುತ್ತಿದ್ದಾರೆಯೇ ಎಂಬುದು ತಿಳಿಯುತ್ತದೆ.

ಟಿಪ್ಪಣಿಯ ಕೊನೆಯಲ್ಲಿ “ನಾಳೆ ಬೆಳಿಗ್ಗೆಯೊಳಗೆ ಬೇಕು” ಎಂದಿದ್ದರೆ ಅದೂ ಒಂದು ತೊಡಕೇ. ಯಾರ ನಾಳೆ? ಲಾಸ್ ಏಂಜಲೀಸಿನ ಶುಕ್ರವಾರದ ಸಂಜೆ ಬೆಂಗಳೂರಿನ ಶನಿವಾರದ ಬೆಳಗು. ಅದೂ ಅಲ್ಲದೆ ಅಮೆರಿಕದವರು ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮಾರ್ಚಿಯವರೆಗೆ ನಮ್ಮ ಅಂತರ ಹನ್ನೆರಡೂವರೆಯಲ್ಲ, ಹದಿಮೂರೂವರೆ ಗಂಟೆ. ಅವರು ಎಂದಿನಂತೆ ಸಂಜೆ ಆರಕ್ಕೆ ಕಳುಹಿಸಿದ ಟಿಪ್ಪಣಿಯು ಇಲ್ಲಿಗೆ ಏಳೂವರೆಗೆ ಬರುತ್ತದೆ. ತಾರೀಖನ್ನೂ, ಜಾಗತಿಕ ಪ್ರಮಾಣಕಾಲದಲ್ಲಿ ಗಂಟೆಯನ್ನೂ ಬರೆದರೆ ಈ ಲೆಕ್ಕವನ್ನು ಯಾರೂ ಮನಸ್ಸಿನಲ್ಲಿ ಹಾಕಬೇಕಾಗುವುದಿಲ್ಲ: 01:00 ಎಂದಿದ್ದರೆ ಬೆಂಗಳೂರಿನವರು ವರ್ಷದ ಯಾವ ದಿನವಾದರೂ ಐದೂವರೆ ಗಂಟೆ ಕೂಡಿಸಿಕೊಂಡರಾಯಿತು.